ಕೈಪಿಡಿಯ ಕನ್ನಡ ಪ್ರತಿ: ಮರು ಅನುವಾದದಲ್ಲಿ ಕಂಡ ವ್ಯತ್ಯಾಸಗಳನ್ನು ಇತ್ಯರ್ಥ ಮಾಡುವುದು ಹೇಗೆ?

ಕಪನೂರು_ಎಚ್‌ಆರ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಆಹಾರ ಪದಾರ್ಥ ತಯಾರಿಸುವ ಒಂದು ಘಟಕದಲ್ಲಿ ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ನೌಕರರ ಕೈಪಿಡಿ ಹೈದರಾಬಾದಿನ ಹೆಡ್ ಆಫೀಸಿನಿಂದ ಇಂಗ್ಲಿಷಿನಲ್ಲಿ ಬಂತು. ಒಂದು ಏಜೆನ್ಸಿ ಅದನ್ನು ಕನ್ನಡಕ್ಕೆ ಮಾಡಿಕೊಟ್ಟಿತು. ಆಮೇಲೆ ಹೆಡ್ ಆಫೀಸಿನವರು ಆ ಕನ್ನಡವನ್ನು ಮೂಲ ನೋಡಿರದ ಇನ್ನೊಬ್ಬರ ಕೈಗೆ ಕೊಟ್ಟು ಮತ್ತೆ ಇಂಗ್ಲಿಷಿಗೆ ಮಾಡಿಸಿದರು. ಈಗ ನನ್ನ ಮುಂದೆ ಮೂರು ಕಾಲಮ್ಮಿನ ಒಂದು ಎಕ್ಸೆಲ್ ಶೀಟ್ ಇದೆ: ಮೂಲ, ಕನ್ನಡ, ಮರಳಿ ಬಂದ ಇಂಗ್ಲಿಷ್. ಹೊಂದದ ಸಾಲುಗಳಿಗೆ ಕೆಂಪು, ಹೊಂದಿದ ಸಾಲುಗಳಿಗೆ ಹಸಿರು.

"ಕೆಂಪು ಸಾಲುಗಳ ಕನ್ನಡ ತಿದ್ದಿ, ಎರಡೂ ಇಂಗ್ಲಿಷ್ ಒಂದೇ ಆಗುವ ತನಕ ಮಾಡಿ" ಅಂತ ಸೂಚನೆ ಬಂದಿದೆ. ಹಾಗೆ ಮಾಡುವುದು ಸರಿಯಾ ಅನ್ನುವುದೇ ನನ್ನ ಪ್ರಶ್ನೆ. ಒಂದು ಸಾಲನ್ನು ಇಲ್ಲಿ ಇಡುತ್ತೇನೆ.

ರಜೆ ಮುಗಿದ ಮೇಲೂ ಬಾರದವರ ಬಗ್ಗೆ ಇರುವ ನಿಯಮ ಅದು. ಮೂಲದಲ್ಲಿ, ಮೊದಲು ಕೊಟ್ಟ ಅಥವಾ ಆಮೇಲೆ ವಿಸ್ತರಿಸಿದ ರಜೆ ಮುಗಿದರೂ ಬಾರದ ನೌಕರ ಹುದ್ದೆಯ ಮೇಲಿನ 'ಲಿಯನ್', ಅಂದರೆ ಆ ಕಾಯಂ ಹುದ್ದೆಗೆ ಮರಳುವ ಹಕ್ಕನ್ನು, ಕಳೆದುಕೊಳ್ಳುತ್ತಾನೆ ಎಂದು ಹೇಳಿ, 'ಅನ್‌ಲೆಸ್' ಹಾಕಿ ಎರಡು ಷರತ್ತು ಕೊಟ್ಟಿದ್ದಾರೆ. ಒಂದು, 8 ದಿನದೊಳಗೆ ಮರಳಬೇಕು. ಎರಡು, ತಡವಾದ ಕಾರಣವನ್ನು ಮ್ಯಾನೇಜರಿಗೆ ಒಪ್ಪಿಗೆಯಾಗುವಂತೆ ವಿವರಿಸಬೇಕು. ಎರಡರ ನಡುವೆ 'ಆಂಡ್' ಇದೆ.

ಏಜೆನ್ಸಿಯ ಕನ್ನಡ ಹೀಗಿದೆ:

> ಮಂಜೂರಾದ ರಜೆಯ ಅವಧಿ ಮುಗಿದ ನಂತರವೂ ಗೈರುಹಾಜರಾಗಿರುವ ನೌಕರನು 8 ದಿನಗಳೊಳಗೆ ಮರಳದೆ, ತೃಪ್ತಿಕರ ವಿವರಣೆಯನ್ನೂ ನೀಡದಿದ್ದಲ್ಲಿ, ಹುದ್ದೆಯ ಮೇಲಿನ ತನ್ನ ಹಕ್ಕನ್ನು ಕಳೆದುಕೊಳ್ಳತಕ್ಕದ್ದು.

ಹೆಡ್ ಆಫೀಸಿನವರು ಕೆಂಪು ಬಳಿದದ್ದು ಒಂದೇ ಪದಕ್ಕೆ. ಮೂಲದಲ್ಲಿ 'ಲಿಯನ್' ಇತ್ತು, ಮರಳಿ ಬಂದದ್ದರಲ್ಲಿ 'ರೈಟ್' ಇದೆ. ಉಳಿದದ್ದು ಸರಿ ಅಂತಾರೆ. ಓದಿದವರು ದಯವಿಟ್ಟು ಹೇಳಿ.

ವಾಡಿ_ಶಿಫ್ಟ್_ಇನ್‌ಚಾರ್ಜ್

ಮೇಡಂ, ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊಳ್ತೀರಿ? ಕೊನೀ ಪೇಜಿನಾಗ "ಎರಡರ ನಡುವ ವ್ಯತ್ಯಾಸ ಬಂದ್ರ ಇಂಗ್ಲಿಷ್ ಪ್ರತಿಯೇ ಅಂತಿಮ" ಅಂತ ಒಂದು ಸಾಲು ಇದ್ದೇ ಇರ್ತದ. ಎಲ್ಲಾ ಕಂಪನ್ಯಾಗೂ ಹಂಗೇ ಮಾಡ್ತಾರ. ಕನ್ನಡ ಪ್ರತಿ ಓದ್ಲಿಕ್ಕ ಅಷ್ಟೇ. ಹಕ್ಕು ತೆಗದು ಲಿಯನ್ ಅಂತ ಕನ್ನಡ ಅಕ್ಷರದಾಗ ಬರೀರಿ, ಕೆಂಪು ಹೋಗ್ತದ, ಕೆಲಸ ಮುಗೀತದ.

ಬೀದರ್_ಅನುವಾದಕಿ

ಕೆಂಪು ಹೋಗುತ್ತದೆ, ತಪ್ಪು ಹೋಗುವುದಿಲ್ಲ. ಈ ಸಾಲಿನಲ್ಲಿ ಕೆಂಪು ಬಿದ್ದ ಜಾಗವೇ ಬೇರೆ, ಅರ್ಥ ಕೆಟ್ಟ ಜಾಗವೇ ಬೇರೆ. ನಾನು ಬಹಳ ಕಾಲದಿಂದ ಆಸ್ಪತ್ರೆಗಳ ಒಪ್ಪಿಗೆ ಪತ್ರ, ಕಾರ್ಖಾನೆಗಳ ನಿಯಮಾವಳಿ ಇಂಥವನ್ನು ಎರಡೂ ದಿಕ್ಕಿನಲ್ಲಿ ಅನುವಾದ ಮಾಡುತ್ತಿದ್ದೇನೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾಲ್ಕು ಜನ ನೌಕರರನ್ನು ಅಂದುಕೊಳ್ಳಿ. ಎಲ್ಲರ ರಜೆಯೂ ಜನವರಿ 10ಕ್ಕೆ ಮುಗಿಯಿತು. ಮೊದಲನೆಯವರು 15ಕ್ಕೆ ಬಂದರು, ಕಾರಣ ಹೇಳಿದರು, ಮ್ಯಾನೇಜರ್ ಒಪ್ಪಿದರು. ಎರಡನೆಯವರೂ 15ಕ್ಕೇ ಬಂದರು, ಆದರೆ ಹೇಳಿದ ಕಾರಣವನ್ನು ಮ್ಯಾನೇಜರ್ ಒಪ್ಪಲಿಲ್ಲ. ಮೂರನೆಯವರು ಆಸ್ಪತ್ರೆಯಿಂದಲೇ ತಕ್ಕ ಕಾರಣ ಬರೆದು ಕಳಿಸಿದರು, ಬಂದದ್ದು ಮಾತ್ರ 22ಕ್ಕೆ. ನಾಲ್ಕನೆಯವರು ಬರಲೂ ಇಲ್ಲ, ಹೇಳಲೂ ಇಲ್ಲ.

ಇಂಗ್ಲಿಷ್ ಪ್ರಕಾರ ಉಳಿಯುವವರು ಮೊದಲನೆಯವರು ಮಾತ್ರ. ಎರಡೂ ಷರತ್ತು ಪೂರೈಸಿದರೆ ಮಾತ್ರ ಹುದ್ದೆ, ಒಂದು ತಪ್ಪಿದರೂ ಇಲ್ಲ. ಈಗ ಏಜೆನ್ಸಿಯ ಕನ್ನಡವನ್ನು ಓದಿ: "ಮರಳದೆ, ವಿವರಣೆಯನ್ನೂ ನೀಡದಿದ್ದಲ್ಲಿ". ಇಲ್ಲಿ ಹುದ್ದೆ ಹೋಗಬೇಕಾದರೆ ಎರಡೂ ತಪ್ಪಬೇಕು. ಅಂದರೆ ಹೋಗುವವರು ನಾಲ್ಕನೆಯವರು ಒಬ್ಬರೇ. ಎರಡನೆಯವರು, ಮೂರನೆಯವರು ಇಂಗ್ಲಿಷಿನಲ್ಲಿ ಹೊರಗೆ, ಕನ್ನಡದಲ್ಲಿ ಒಳಗೆ.

ಕಾರಣ ಇಷ್ಟೇ. 'ಅನ್‌ಲೆಸ್' ಅನ್ನುವುದನ್ನು ನಾವು ಕನ್ನಡದಲ್ಲಿ 'ಇಲ್ಲದಿದ್ದರೆ' ಎಂದು ತಿರುಗಿಸಿದಾಗ ಒಳಗಿನ 'ಮತ್ತು' ಕೂಡ 'ಅಥವಾ' ಆಗಿ ತಿರುಗಬೇಕು. ಅನುವಾದಕರು ಮೊದಲನೆಯದನ್ನು ತಿರುಗಿಸಿ ಎರಡನೆಯದನ್ನು ಹಾಗೇ ಬಿಟ್ಟಿದ್ದಾರೆ. ಕನ್ನಡ ವಾಕ್ಯ ಸರಾಗವಾಗಿ ಓದಿಸಿಕೊಳ್ಳುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಮೂರನೇ ಕಾಲಮ್ಮಿನಲ್ಲಿ 'ನೈದರ್… ನಾರ್' ಥರದ ರಚನೆ ಇರಬೇಕು, ನೋಡಿ. ಇದ್ದರೆ ಮರು ಅನುವಾದ ಮಾಡಿದವರು ತಮ್ಮ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದಾರೆ, ಹೋಲಿಸಿ ನೋಡಿದವರು ಪದ ಪದ ಹೋಲಿಸಿ ಅದನ್ನು ದಾಟಿ ಹೋಗಿದ್ದಾರೆ.

ಇನ್ನೊಂದು: "ಆಮೇಲೆ ವಿಸ್ತರಿಸಿದ ರಜೆ" ಕನ್ನಡದಲ್ಲಿ ಪೂರ್ತಿ ಬಿಟ್ಟುಹೋಗಿದೆ. ಊರಿಂದ ಫೋನ್ ಮಾಡಿ ಎರಡು ದಿನ ಹೆಚ್ಚಿಗೆ ರಜೆ ಪಡೆದವರಿಗೆ 8 ದಿನದ ಲೆಕ್ಕ ಎಲ್ಲಿಂದ ಶುರು ಅನ್ನುವುದು ಅದರ ಮೇಲೇ ನಿಂತಿದೆ.

ಹುಮನಾಬಾದ್_ಆಪರೇಟರ್

ಅಕ್ಕಾ, ನೀವು ಹೇಳಿದ ಎರಡನೇ ಮನಷ್ಯಾ ನಾನೇರಿ. ತಂಗಿ ಲಗ್ನಕ್ಕಂತ ಸೂಟಿ ಹಾಕಿ ಹೋಗಿದ್ದೆ, ಅಪ್ಪಗ ಆರಾಮ ತಪ್ಪಿತು, ಆರನೇ ದಿನಕ್ಕ ಡಾಕ್ಟರ್ ಚೀಟಿ ತೊಗೊಂಡೇ ಬಂದೆ. ಚೀಟಿ ನಡ್ಯೂದಿಲ್ಲ ಅಂದ್ರು, ಗೇಟಿನಾಗೇ ನಿಂದರ್ಸಿದ್ರು. ನಮ್ಮ ಕೈಯಾಗಿನ ಕನ್ನಡ ಪುಸ್ತಕದಾಗ ಎಂಟು ದಿನದೊಳಗ ಬಂದ್ರ ನಡೀತದ ಅಂತ ನಾವೆಲ್ಲಾ ತಿಳ್ಕೊಂಡಿದ್ವಿ. ನನಗ ಈಗ ಪಗಾರ ಬಾಕಿ ಬರ್ತದೇನ್ರಿ? ಯಾರ ಹತ್ರ ಹೋಗ್ಬೇಕು?

ಯಾದಗಿರಿ_ವಕೀಲ

ಹುಮನಾಬಾದಿನ ಸಹೋದರರೇ, ನಿಮ್ಮ ಕೈಪಿಡಿ, ರಜೆ ಅರ್ಜಿ, ಡಾಕ್ಟರ್ ಚೀಟಿ ಎಲ್ಲದರ ನಕಲು ಇಟ್ಟುಕೊಂಡು ಬೀದರಿನ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಲಿಖಿತ ದೂರು ಕೊಡಿ, ತಡ ಮಾಡಬೇಡಿ. ಹಾಜರಾಗಲು ಬಂದ ದಿನದ ಏನಾದರೂ ಪುರಾವೆ ಇದ್ದರೆ ಅದು ಮುಖ್ಯ. "8 ದಿನ ಬಾರದಿದ್ದರೆ ಹುದ್ದೆ ತಾನಾಗಿಯೇ ಹೋಯಿತು" ಎಂಬ ಸ್ಥಾಯಿ ಆದೇಶ, ಅಂದರೆ ಕಾರ್ಖಾನೆಯ ಕೆಲಸದ ನಿಯಮ, ಇದ್ದರೂ, ನೌಕರನ ಮಾತು ಕೇಳದೆ ಹಾಗೆ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಿಷಯಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ವಿವರವಾಗಿ ಉತ್ತರಿಸುತ್ತೇನೆ.

ಈಗ ಮೇಡಂ ಪ್ರಶ್ನೆಗೆ. ಈ ನಿಯಮ ನಿಮ್ಮ ಹೆಡ್ ಆಫೀಸಿನವರು ಹೊಸದಾಗಿ ಬರೆದದ್ದಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಟ್ಟ ಮಾದರಿಯಲ್ಲಿ ಹೆಚ್ಚುಕಡಿಮೆ ಇದೇ ಮಾತುಗಳಿದ್ದವು. ಆದರೆ ಆ ಮಾದರಿಯಲ್ಲಿ ಇದರ ಹಿಂದೆಯೇ ಇನ್ನೊಂದು ವಾಕ್ಯ ಬರುತ್ತಿತ್ತು: ಹೀಗೆ ಲಿಯನ್ ಕಳೆದುಕೊಂಡವನ ಹೆಸರನ್ನು ಬದ್ಲಿ ಪಟ್ಟಿಯಲ್ಲಿ ಇಡಬೇಕು, ಅದು ಅವನ ಹಕ್ಕು. ನಿಮ್ಮ ಮೂಲದಲ್ಲಿ ಅದು ಇದೆಯೇ? ಇಲ್ಲದಿದ್ದರೆ ಎಷ್ಟು ಸಲ ಮರು ಅನುವಾದ ಮಾಡಿಸಿದರೂ ಗೊತ್ತಾಗುವುದಿಲ್ಲ. ಮೂಲದಲ್ಲೇ ಇಲ್ಲದ್ದು ಮೂರೂ ಕಾಲಮ್ಮಿನಲ್ಲಿ ಇರುವುದಿಲ್ಲ, ಸಾಲು ಹಸಿರಾಗಿಯೇ ಕಾಣುತ್ತದೆ.

ವಾಡಿಯವರು ಹೇಳಿದ "ಇಂಗ್ಲಿಷೇ ಅಂತಿಮ" ಅರ್ಧ ಮಾತ್ರ ಸರಿ. ಅಂಥ ಸಾಲು ಹಾಕುತ್ತಾರೆ, ಅದಕ್ಕೆ ಬೆಲೆಯೂ ಇದೆ. ಆದರೆ ಅದೇ ಕಾಯ್ದೆಯ 9ನೇ ಕಲಂ, ಸ್ಥಾಯಿ ಆದೇಶವನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬೋರ್ಡಿಗೆ ಹಾಕಬೇಕು ಎನ್ನುತ್ತಿತ್ತು. ಕನ್ನಡದಲ್ಲಿ ಒಂದು ಹೇಳಿ, ನೌಕರ ಅದನ್ನು ನಂಬಿ ನಡೆದ ಮೇಲೆ, ಓದಲಾಗದ ಭಾಷೆಯ ಪ್ರತಿ ಹಿಡಿದು ಕೆಲಸದಿಂದ ತೆಗೆದರೆ ವಿಚಾರಣೆಯಲ್ಲಿ ಅದನ್ನು ಸಮರ್ಥಿಸುವುದು ಕಷ್ಟ. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಿಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಕೈಪಿಡಿಯನ್ನು ಅದರ ಜೊತೆಗೂ ಒಮ್ಮೆ ಹೋಲಿಸಿಕೊಳ್ಳಿ.

ಎಂಎಸ್‌ಕೆ_ಮಿಲ್_ಕಾಲನಿ

ಬದ್ಲಿ ಅಂದ್ರ ನಮ್ಮ ಕಡಿ ಯಾರಿಗೂ ಬಿಡಿಸಿ ಹೇಳೂದು ಬ್ಯಾಡ. ನಮ್ಮಪ್ಪ ಮಿಲ್ಲಿನಾಗ ಕಾಯಂ ಆಗೂಕಿಂತ ಮೊದಲು ಬದ್ಲಿನೇ ಇದ್ರು. ಮುಂಜಾನೆ ಗೇಟಿಗೆ ಹೋಗಿ ನಿಂದರೂದು, ಯಾರರ ಬರಲಿಲ್ಲಂದ್ರ ಅವರ ಜಾಗಾಕ್ಕ ಒಳಗ ಹೋಗೂದು. ಕಾಯಂ ಜಾಗಾ ಅಂದ್ರ ಏನು ಅಂತ ಆ ಮಂದಿಗೆ ಖರೇ ಗೊತ್ತಿತ್ತು. ಹಕ್ಕು ಅಂತ ಬರದ್ರ ಪಿ.ಎಫ್. ಹಕ್ಕೋ, ಗ್ರಾಚ್ಯುಟಿ ಹಕ್ಕೋ, ಜಾಗಾದ ಹಕ್ಕೋ ತಿಳ್ಯೂದಿಲ್ಲ. "ಕಾಯಂ ಜಾಗಾ ಹೋಗ್ತದ" ಅಂತ ಬರದ್ರ ಅನಪಢ ಮಂದಿಗೂ ಓದಿ ಹೇಳಿದ್ರ ತಿಳೀತದ.

ಶಹಾಪುರ_ಮೇಷ್ಟ್ರು

ನನ್ನ ಅಭಿಪ್ರಾಯದಲ್ಲಿ ಮೂಲ ಸಮಸ್ಯೆ ಭಾಷೆಯ ಶುದ್ಧಿ. 'ಮ್ಯಾನೇಜರ್' ಬದಲು 'ವ್ಯವಸ್ಥಾಪಕ', 'ಕಾಯಂ' ಬದಲು 'ಖಾಯಂ' ಅಥವಾ 'ಶಾಶ್ವತ' ಎಂದಾಗಬೇಕು. ಕೈಪಿಡಿಯನ್ನು ಒಬ್ಬ ಕನ್ನಡ ಪ್ರಾಧ್ಯಾಪಕರಿಂದ ತಿದ್ದಿಸಿದರೆ ಎಲ್ಲವೂ ಸರಿಹೋಗುತ್ತದೆ.

ಬೀದರ್_ಅನುವಾದಕಿ

ಮೇಷ್ಟ್ರೇ, ಏಜೆನ್ಸಿಯ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಅಚ್ಚುಕಟ್ಟಾದ ಕನ್ನಡವೇ. ಅದು ಬೇರೆ ನಿಯಮವನ್ನು ಹೇಳುತ್ತದೆ ಅನ್ನುವುದು ತೊಂದರೆ. ಭಾಷೆ ತಿದ್ದುವವರು ಮೂಲ ನೋಡದೆ ತಿದ್ದಿದರೆ ಅದೇ ತಪ್ಪು ಇನ್ನೂ ಚಂದ ಕಾಣುತ್ತದೆ.

ವಕೀಲರು ಹಸಿರು ಸಾಲಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಕೆಂಪು ಸಾಲಿಗಿಂತ ಹಸಿರು ಸಾಲನ್ನು ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ. ಮರು ಅನುವಾದದ ಈ ವಿಧಾನವನ್ನು 1970ರಲ್ಲಿ ವ್ಯವಸ್ಥಿತವಾಗಿ ಬರೆದಿಟ್ಟ ರಿಚರ್ಡ್ ಬ್ರಿಸ್ಲಿನ್ ಅವರೇ, ಅನುವಾದ ಕೆಟ್ಟಿದ್ದರೂ ಮೂಲ ಭಾಷೆಯ ಎರಡೂ ಪ್ರತಿಗಳು ಹೊಂದಿಕೊಂಡುಬಿಡಬಹುದು ಎಂದು ಎಚ್ಚರಿಸಿದ್ದರು. ಹೇಗೆ ಅಂದರೆ, ಮರಳಿ ಇಂಗ್ಲಿಷಿಗೆ ಮಾಡುವವರು ಜಾಣರಾದರೆ ಮುರಿದ ಕನ್ನಡದಿಂದಲೂ ಉದ್ದೇಶವನ್ನು ಊಹಿಸಿ ಸರಿಯಾದ ಇಂಗ್ಲಿಷ್ ಬರೆದುಬಿಡುತ್ತಾರೆ. ಇಲ್ಲವೇ ಕನ್ನಡವೇ ಇಂಗ್ಲಿಷಿನ ಅಚ್ಚಿನಲ್ಲಿದ್ದರೆ ಪದಕ್ಕೆ ಪದ ವಾಪಸ್ ಹೋಗುತ್ತದೆ, ಓದುವ ಕಾರ್ಮಿಕನಿಗೆ ಮಾತ್ರ ಏನೂ ತಿಳಿದಿರುವುದಿಲ್ಲ. ವಾಡಿಯವರು ಹೇಳಿದ ಹಾಗೆ 'ಲಿಯನ್' ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ಆಗುವುದೂ ಅದೇ. ಪರೀಕ್ಷೆಯಲ್ಲಿ ನೂರಕ್ಕೆ ನೂರು, ಗೇಟಿನಲ್ಲಿ ಸೊನ್ನೆ.

ಮೇಡಂ, ನಿಮ್ಮ ಶೀಟಿನಲ್ಲಿ 'ಅಮಾನತು' ಇರುವ ಸಾಲುಗಳನ್ನೆಲ್ಲ ಒಟ್ಟಿಗೆ ತೆಗೆದು ನೋಡಿ. ಇಂಥ ಕೈಪಿಡಿಗಳಲ್ಲಿ ಸಸ್ಪೆನ್ಷನ್ ಎರಡು ಕಡೆ ಬರುತ್ತದೆ. ವಿಚಾರಣೆ ಮುಗಿಯುವ ತನಕ ಕೆಲಸದಿಂದ ದೂರ ಇಡುವುದು ಒಂದು. ಅದು ಶಿಕ್ಷೆಯಲ್ಲ, ಕಾಯ್ದೆ ಪ್ರಕಾರ ಮೊದಲ 90 ದಿನ ಅರ್ಧ ಪಗಾರದಷ್ಟು ಜೀವನಾಧಾರ ಭತ್ಯೆ ಕೊಡಬೇಕು. ಇನ್ನೊಂದು, ತಪ್ಪು ಸಾಬೀತಾದ ಮೇಲೆ ಶಿಕ್ಷೆಯಾಗಿ ಕೊಡುವ ಸಸ್ಪೆನ್ಷನ್. 1946ರ ಕಾಯ್ದೆಯಡಿ ಕೇಂದ್ರ ಕೊಟ್ಟ ಮಾದರಿಯಲ್ಲಿ ಅದಕ್ಕೆ 4 ದಿನದ ಮಿತಿ ಇತ್ತು. ಕನ್ನಡದಲ್ಲಿ ಎರಡಕ್ಕೂ 'ಅಮಾನತು' ಅಂತಲೇ ಇರುತ್ತದೆ, ಎರಡೂ 'ಸಸ್ಪೆನ್ಷನ್' ಆಗಿಯೇ ಮರಳುತ್ತವೆ, ಹಸಿರು. ಓದುವವರು ಮಾತ್ರ ಅಮಾನತು ಅಂದ ಕೂಡಲೇ ಶಿಕ್ಷೆ ಎಂದೇ ತಿಳಿಯುತ್ತಾರೆ, ಭತ್ಯೆ ಕೇಳುವುದೂ ಇಲ್ಲ.

ಇಂಥದ್ದು ಸಿಗಬೇಕಾದರೆ ಶೀಟ್ ಸಾಲದು. ಕನ್ನಡ ಪ್ರತಿಯನ್ನಷ್ಟೇ ನಾಲ್ಕೈದು ಜನ ಕೆಲಸಗಾರರ ಮುಂದೆ ಓದಿ. "ತಿಳಿಯಿತಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಮೇಲೆ ಬರೆದ ನಾಲ್ಕು ಜನರ ಕಥೆ ಹೇಳಿ, "ಇವರಲ್ಲಿ ಯಾರ ಕೆಲಸ ಉಳೀತದ?" ಅಂತ ಕೇಳಿ. ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ವಾಡಿ_ಶಿಫ್ಟ್_ಇನ್‌ಚಾರ್ಜ್

ಅಮಾನತಿನ ಮಾತು ಖರೆ ಅದ, ನಮ್ಮ ಶಿಫ್ಟಿನಾಗೂ ಹಂಗೇ ತಿಳೀತಾರ. ಆದ್ರ ಒಂದು ಮಾತು. ಕಂಪನಿ ಮೂರು ಸಲ ಅನುವಾದಕ್ಕ ದುಡ್ಡು ಕೊಡ್ತದೇನ್ರಿ? ಪ್ರತಿ ಸಾಲಿಗೂ ಹಿಂಗ ಮಾಡ್ಲಿಕ್ಕ ಹೋದ್ರ ಕೈಪಿಡಿ ಮುಂದಿನ ವರ್ಷ ಬರ್ತದ.

ಬೀದರ್_ಅನುವಾದಕಿ

ಪ್ರತಿ ಸಾಲಿಗೂ ಬೇಡ. ಸ್ವಾಗತ ಪುಟ, ಕಂಪನಿಯ ಇತಿಹಾಸ, ಕ್ಯಾಂಟೀನ್ ಸಮಯ ಇವನ್ನು ಒಬ್ಬರು ಎರಡೂ ಪ್ರತಿ ಪಕ್ಕದಲ್ಲಿಟ್ಟು ಓದಿದರೆ ಸಾಕು. ಯಾರದಾದರೂ ಕೆಲಸ, ಪಗಾರ, ರಜೆ, ಶಿಕ್ಷೆ, ದೂರಿನ ಗಡುವು, ಸುರಕ್ಷತೆ ಇವುಗಳನ್ನು ಮುಟ್ಟುವ ನಿಯಮಗಳಿಗೆ ಮಾತ್ರ ಮರು ಅನುವಾದ. ಕೈಪಿಡಿಯಲ್ಲಿ ಅದು ಸಣ್ಣ ಭಾಗ.

ಕಪನೂರು_ಎಚ್‌ಆರ್

ಎಲ್ಲರಿಗೂ ತುಂಬಾ ಧನ್ಯವಾದ. ಮೂರನೇ ಕಾಲಮ್ ತೆಗೆದು ನೋಡಿದೆ, 'ನೈದರ್… ನಾರ್' ಹಾಗೇ ಇದೆ. ವಕೀಲರು ಕೇಳಿದ ಬದ್ಲಿ ಪಟ್ಟಿಯ ವಾಕ್ಯ ನಮ್ಮ ಇಂಗ್ಲಿಷ್ ಮೂಲದಲ್ಲಿ ಇಲ್ಲ.

ಪ್ಯಾಕಿಂಗ್ ವಿಭಾಗದ ಕೆಲವರನ್ನು ಊಟದ ಬಿಡುವಿನಲ್ಲಿ ಕೂರಿಸಿಕೊಂಡು ನಾಲ್ಕು ಜನರ ಕಥೆ ಕೇಳಿದೆ. ಏಜೆನ್ಸಿಯ ಕನ್ನಡ ಕೇಳಿದವರು ನಾಲ್ಕನೆಯವರೊಬ್ಬರ ಕೆಲಸ ಹೋಗುತ್ತದೆ ಅಂದರು, ನೀವು ಬರೆದ ಹಾಗೆಯೇ. ಆದರೆ ಅಲ್ಲಿ ಹೊಸ ಪ್ರಶ್ನೆ ಬಂತು. ಆಳಂದ ಕಡೆಯ ಒಬ್ಬ ಹೆಣ್ಣುಮಗಳು, "ಎಂಟು ದಿನದಾಗ ಐತವಾರ ಹಿಡೀತಾರೇನ್ರಿ? ಜಾತ್ರಿ ಸೂಟಿ ಹಿಡೀತಾರೇನು?" ಅಂತ ಕೇಳಿದಳು. ಇಂಗ್ಲಿಷಿನಲ್ಲೂ ಬರೀ 8 ದಿನ ಅಂತಿದೆ. ಹೆಡ್ ಆಫೀಸಿನ ಇಬ್ಬರನ್ನು ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳಿದರು. ಈಗ ಕನ್ನಡದಲ್ಲಿ ನಾನು ಏನು ಬರೆಯಲಿ?

ಬೀದರ್_ಅನುವಾದಕಿ

ನೀವೂ ಬರೆಯಬೇಡಿ, ಅನುವಾದಕರಿಗೂ ಬಿಡಬೇಡಿ. ವ್ಯತ್ಯಾಸ ಕಂಡಾಗ ತಪ್ಪು ಯಾವ ಕಾಲಮ್ಮಿನಲ್ಲಿದೆ ಅಂತ ಮೊದಲು ತೀರ್ಮಾನವಾಗಬೇಕು. 'ಆಂಡ್' ವಿಷಯದಲ್ಲಿ ತಪ್ಪು ಕನ್ನಡದ್ದು, ಅನುವಾದಕರು ತಿದ್ದಬೇಕು. ಮರು ಅನುವಾದಕರೇ ಕನ್ನಡವನ್ನು ತಪ್ಪಾಗಿ ಓದಿರುವ ಸಾಲುಗಳೂ ನಿಮ್ಮ ಶೀಟಿನಲ್ಲಿ ಇರುತ್ತವೆ. ಅಲ್ಲಿ ಕನ್ನಡವನ್ನು ಮುಟ್ಟಲೇಬಾರದು. ಹೆಡ್ ಆಫೀಸಿನ "ಒಂದೇ ಆಗುವ ತನಕ ತಿದ್ದಿ" ಸೂಚನೆ ಅಪಾಯಕಾರಿ ಆಗುವುದು ಇಲ್ಲೇ, ಸರಿ ಇರುವ ಕನ್ನಡವೂ ಕೆಡುತ್ತದೆ. ಇನ್ನು 8 ದಿನದ ವಿಷಯ ಮೂಲದ್ದೇ ಅಸ್ಪಷ್ಟತೆ. ನಿಯಮ ಯಾರದೋ ಅವರೇ ಇಂಗ್ಲಿಷಿನಲ್ಲಿ ಮೊದಲು ತೀರ್ಮಾನಿಸಿ ಬರೆಯಬೇಕು, ಆಮೇಲೆ ಕನ್ನಡ.

ಶೀಟಿಗೆ ಇನ್ನೆರಡು ಕಾಲಮ್ ಸೇರಿಸಿ: ತಪ್ಪು ಎಲ್ಲಿ, ತೀರ್ಮಾನ ಯಾರದು. ತೀರ್ಮಾನದ ಮುಂದೆ ಒಂದು ಸಾಲು ಕಾರಣ ಇರಲಿ. ಮುಂದೆ ಯಾರಾದರೂ ಪ್ರಶ್ನಿಸಿದರೆ ಈ ಹಾಳೆ ನಿಮ್ಮ ಕೈಯಲ್ಲಿರುತ್ತದೆ. ತಿದ್ದಿದ ನಿಯಮಗಳನ್ನು ಮತ್ತೊಮ್ಮೆ ಮರು ಅನುವಾದಕ್ಕೆ ಕೊಡಿ, ಆದರೆ ಅದೇ ವ್ಯಕ್ತಿಗೆ ಬೇಡ. ಅವರಿಗೆ ಈಗ ಸರಿ ಉತ್ತರ ಏನೆಂದು ಗೊತ್ತಿದೆ. ಹೊಸಬರಿಗೆ "ನಯ ಮಾಡಬೇಡಿ, ಕನ್ನಡದಲ್ಲಿ ಹೇಗಿದೆಯೋ ಹಾಗೆ ಬರೆಯಿರಿ, ಎರಡು ಅರ್ಥ ಬಂದರೆ ಎರಡನ್ನೂ ಬರೆಯಿರಿ" ಎಂದು ಹೇಳಿ. ಕಾರ್ಮಿಕ ಕಾಯ್ದೆ ಅರೆದು ಕುಡಿದವರು ಈ ಕೆಲಸಕ್ಕೆ ಬೇಡ, ಅವರು ಅರಿಯದೆಯೇ ನಿಯಮವನ್ನು ನೆನಪಿನಿಂದ ತುಂಬಿಬಿಡುತ್ತಾರೆ.

ಯಾದಗಿರಿ_ವಕೀಲ

ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಾನೂನು ತಿಳಿಯದವರು ಮರಳಿ ಮಾಡಿದರೆ ಸುಳ್ಳು ಕೆಂಪು ಸಾಲುಗಳೇ ತುಂಬಿ, ನಿಜವಾದ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ಕನಿಷ್ಠ ಹೋಲಿಸಿ ನೋಡುವವರಾದರೂ ಕಾಯ್ದೆ ಬಲ್ಲವರಾಗಿರಬೇಕು.

ಬೀದರ್_ಅನುವಾದಕಿ

ಹೋಲಿಸುವವರು ಬಲ್ಲವರಿರಲಿ, ಅದಕ್ಕೆ ನನ್ನದೂ ಒಪ್ಪಿಗೆ. ಮರಳಿ ಮಾಡುವವರ ಬಗ್ಗೆ ನನ್ನ ಅನುಭವ ಬೇರೆ. ಹತ್ತು ಸುಳ್ಳು ಕೆಂಪು ಪರಿಶೀಲಿಸುವುದು ಒಂದು ಸುಳ್ಳು ಹಸಿರು ತಪ್ಪಿಸಿಕೊಳ್ಳುವುದಕ್ಕಿಂತ ಮೇಲು.

ಕಪನೂರು_ಎಚ್‌ಆರ್

ಏಜೆನ್ಸಿಯವರ ಜೊತೆ ಕೂತು ಹೀಗೆ ತಿದ್ದಿದ್ದೇವೆ. 'ಕಾಯಂ' ಪದ ಮಿಲ್ ಕಾಲನಿಯವರ ಸಲಹೆ.

> ಮೊದಲು ಕೊಟ್ಟ ರಜೆ, ಅಥವಾ ಆಮೇಲೆ ವಿಸ್ತರಿಸಿದ್ದರೆ ಆ ವಿಸ್ತರಿಸಿದ ರಜೆ ಮುಗಿದ ಮೇಲೂ ಕೆಲಸಕ್ಕೆ ಬಾರದವರು ತಮ್ಮ ಕಾಯಂ ಹುದ್ದೆ ಉಳಿಸಿಕೊಳ್ಳಲು ಎರಡು ಕೆಲಸವನ್ನೂ ಮಾಡಬೇಕು. ಒಂದು, ರಜೆ ಮುಗಿದ 8 ದಿನದೊಳಗೆ ಕೆಲಸಕ್ಕೆ ಮರಳಬೇಕು. ಎರಡು, ಸಮಯಕ್ಕೆ ಬರಲಾಗದ ಕಾರಣವನ್ನು ಮ್ಯಾನೇಜರ್ ಒಪ್ಪುವಂತೆ ವಿವರಿಸಬೇಕು. ಇವುಗಳಲ್ಲಿ ಒಂದನ್ನು ಮಾಡದಿದ್ದರೂ ಕಾಯಂ ಹುದ್ದೆಯ ಮೇಲಿನ ಹಕ್ಕು ಹೋಗುತ್ತದೆ.

ಇದನ್ನು ಓದಿಸಿ ಕೇಳಿದಾಗ, ಮೊದಲನೆಯವರು ಮಾತ್ರ ಉಳಿಯುತ್ತಾರೆ ಅಂತ ಎಲ್ಲರೂ ಹೇಳಿದರು. ಒಬ್ಬರು ಸಿಟ್ಟಿನಿಂದ, "ಆಸ್ಪತ್ರ್ಯಾಗ ಇದ್ದಾಂವಂದೂ ಹೋಗ್ತದಂದ್ರ ಇದ್ಯಾವ ನ್ಯಾಯ?" ಅಂದರು. ಆ ಮಾತನ್ನೂ ಶೀಟಿನಲ್ಲಿ ಬರೆದು, ವಕೀಲರು ಹೇಳಿದ 1993ರ ತೀರ್ಪು, ಬದ್ಲಿ ಪಟ್ಟಿಯ ವಾಕ್ಯ ಎರಡನ್ನೂ ಸೇರಿಸಿ ಹೆಡ್ ಆಫೀಸಿಗೆ ಕಳಿಸಿದ್ದೇನೆ. 'ಅಮಾನತು' ಎರಡಾಗಿ ಒಡೆದು ಬರೆಯಲು ಒಪ್ಪಿದ್ದಾರೆ. 8 ದಿನಕ್ಕೆ ವಾರದ ರಜೆಯೂ ಸೇರುತ್ತದೆ ಎಂದು ಇಂಗ್ಲಿಷಿನಲ್ಲೇ ತಿದ್ದಿ ಕಳಿಸಿದ್ದಾರೆ, ಹಬ್ಬದ ರಜೆಯ ಬಗ್ಗೆ ಇನ್ನೂ ಉತ್ತರವಿಲ್ಲ. ಬದ್ಲಿ ಪಟ್ಟಿಯ ಬಗ್ಗೆಯೂ ಇಲ್ಲ.

ನಮ್ಮಲ್ಲಿ ಕನ್ನಡ ಓದಲು ಬಾರದ, ಉರ್ದು ಮಾತ್ರ ಓದುವ ಕೆಲವರಿದ್ದಾರೆ. ಉರ್ದು ಪ್ರತಿಯನ್ನು ಇಂಗ್ಲಿಷಿನಿಂದ ಮಾಡಿಸುವುದಾ, ಈಗ ತಿದ್ದಿದ ಕನ್ನಡದಿಂದಲಾ? ಬೀದರ್ ಕಡೆ ಹೀಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಎಂಎಸ್‌ಕೆ_ಮಿಲ್_ಕಾಲನಿ

ಮೇಡಂ, ಉರ್ದು ಓದಿ ನೋಡ್ಲಿಕ್ಕ ನಮ್ಮ ಕಾಲನ್ಯಾಗ ಇಬ್ರು ರಿಟೈರ್ ಆದ ಮಾಸ್ತರ್ ಅದಾರ. ಕೈಪಿಡಿ ಬಂದ ಮ್ಯಾಲ ತಿಳಿಸ್ರಿ, ಮಾತಾಡ್ತೀನಿ. ಮೂಲ ತೋರ್ಸೂದಿಲ್ಲ, ಉರ್ದು ಅಷ್ಟೇ ಕೊಡೂಣು.